ಹತ್ತು ಸಾವಿರ ಸೈನಿಕರು, ಹದಿನಾರು ಮಿಲಿಸೆಕೆಂಡು

ಒಂದು ಯುದ್ಧದ ಕಂಪ್ಯೂಟರ್ ಆಟ. ಬಯಲಿನ ಎರಡೂ ಕಡೆಯಿಂದ ಐದೈದು ಸಾವಿರ ಸೈನಿಕರು ನುಗ್ಗಿ ಬರುತ್ತಿದ್ದಾರೆ. ಚಲನೆ ಕಣ್ಣಿಗೆ ನಯವಾಗಿ ಕಾಣಬೇಕಾದರೆ ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಬದಲಾಗಬೇಕು. ಅಂದರೆ ಒಂದು ಚಿತ್ರಕ್ಕೆ, ಆಟ ಬರೆಯುವವರ ಮಾತಿನಲ್ಲಿ ಒಂದು ಫ್ರೇಮಿಗೆ, ಸಿಗುವುದು ಸುಮಾರು 16.6 ಮಿಲಿಸೆಕೆಂಡು. ಅದರಲ್ಲಿ ಚಿತ್ರ ಬಿಡಿಸುವುದಕ್ಕೆ, ಸದ್ದಿಗೆ, ಆಟಗಾರನ ಮೌಸ್ ಗಮನಿಸುವುದಕ್ಕೆ ಪಾಲು ಕೊಟ್ಟ ಮೇಲೆ ಸೈನಿಕರ ಲೆಕ್ಕಾಚಾರಕ್ಕೆ ಐದಾರು ಮಿಲಿಸೆಕೆಂಡು ಉಳಿದರೆ ಹೆಚ್ಚು. ಅಷ್ಟರೊಳಗೆ ಹತ್ತು ಸಾವಿರ ಮಂದಿಯೂ ಹೆಜ್ಜೆ ಇಡಬೇಕು, ಪಕ್ಕದವನನ್ನು ತುಳಿಯದೆ ಸರಿಯಬೇಕು, ಎದುರಾಳಿಯನ್ನು ಹುಡುಕಬೇಕು, ಹೊಡೆಯಬೇಕು. ಏಟು ಹೆಚ್ಚಾದವರು ಬೀಳಬೇಕು.

ಇಂದಿನ ಪ್ರೊಸೆಸರಿಗೆ ಈ ಗಣಿತ ಏನೇನೂ ಅಲ್ಲ. ಒಬ್ಬ ಸೈನಿಕನನ್ನು ಮುಂದಕ್ಕೆ ಸರಿಸಲು ಎರಡು ಗುಣಾಕಾರ, ಎರಡು ಸಂಕಲನ ಸಾಕು. ಸೆಕೆಂಡಿಗೆ 300 ಕೋಟಿ ಸಲ ಮಿಡಿಯುವ ಯಂತ್ರಕ್ಕೆ ಹತ್ತು ಸಾವಿರ ಸೈನಿಕರ ಲೆಕ್ಕ ಒಂದು ಚಿಟಿಕೆಯ ಕೆಲಸವೂ ಅಲ್ಲ. ಹಾಗಿದ್ದೂ ಸಾಮಾನ್ಯ ರೀತಿಯಲ್ಲಿ ಬರೆದ ಆಟ ಎರಡು ಮೂರು ಸಾವಿರ ಸೈನಿಕರಿಗೇ ತಡವರಿಸಲು ಶುರುಮಾಡುತ್ತದೆ. ಸಮಯ ಹೋಗುವುದು ಎಣಿಸುವುದರಲ್ಲಲ್ಲ, ಕಾಯುವುದರಲ್ಲಿ. ಎಣಿಸಬೇಕಾದ ಸಂಖ್ಯೆಗಳು ಮೆಮೊರಿಯಿಂದ ಬರುವವರೆಗೆ ಪ್ರೊಸೆಸರ್ ಸುಮ್ಮನೆ ಕುಳಿತಿರುತ್ತದೆ.

ಆ ಕಾಯುವಿಕೆಯನ್ನು ಅಳೆದು ನೋಡೋಣ. ಪ್ರೊಸೆಸರಿನ ಒಳಗೇ ಇರುವ ಚಿಕ್ಕ ಮೆಮೊರಿಗೆ ಕ್ಯಾಶ್ ಎಂದು ಹೆಸರು. ಅದರ ಅತಿ ಹತ್ತಿರದ ಹಂತದಲ್ಲಿ 32 ಅಥವಾ 48 ಕಿಲೋಬೈಟ್ ಹಿಡಿಸುತ್ತದೆ, ಅಲ್ಲಿರುವುದು ನಾಲ್ಕೈದು ಮಿಡಿತದಲ್ಲಿ ಕೈಗೆ ಸಿಗುತ್ತದೆ. ಅಲ್ಲಿ ಇಲ್ಲದಿದ್ದರೆ ಎರಡನೆಯ ಹಂತ, ಅಲ್ಲೂ ಇಲ್ಲದಿದ್ದರೆ ಮೂರನೆಯದು. ಮೂರರಲ್ಲೂ ಸಿಗದೆ ಮುಖ್ಯ ಮೆಮೊರಿಯವರೆಗೆ ಹೋಗಬೇಕಾಗಿ ಬಂದರೆ ಸುಮಾರು 100 ನ್ಯಾನೋಸೆಕೆಂಡು, ಅಂದರೆ 300 ಮಿಡಿತಗಳಷ್ಟು ಹೊತ್ತು ಹಿಡಿಯುತ್ತದೆ. ಇನ್ನೊಂದು ಸಂಗತಿಯೂ ಇದೆ. ಪ್ರೊಸೆಸರ್ ಮೆಮೊರಿಯಿಂದ ಒಂದೇ ಒಂದು ಸಂಖ್ಯೆಯನ್ನು ತರಿಸಿಕೊಳ್ಳುವುದಿಲ್ಲ. ಅದು ತರಿಸುವುದು ಒಂದು ಸಾಲನ್ನು. ಬಹುಪಾಲು ಯಂತ್ರಗಳಲ್ಲಿ ಈ ಕ್ಯಾಶ್ ಲೈನಿನ ಉದ್ದ 64 ಬೈಟ್. ನಾಲ್ಕು ಬೈಟಿನ ಒಂದು ಸಂಖ್ಯೆ ಬೇಕೆಂದರೂ ಅದರ ಅಕ್ಕಪಕ್ಕದ ಅರುವತ್ತು ಬೈಟ್ ಜೊತೆಗೇ ಬರುತ್ತವೆ. ಆ ಅರುವತ್ತರಲ್ಲಿ ಮುಂದೆ ಬೇಕಾಗುವುದೇ ಇದ್ದರೆ ಲಾಭ. ಇಲ್ಲದಿದ್ದರೆ ಅಷ್ಟು ದೂರದಿಂದ ಹೊತ್ತು ತಂದದ್ದು ವ್ಯರ್ಥ.

ಕಾಲೇಜಿನಲ್ಲಿ ಎಲ್ಲರೂ ಕಲಿಯುವ ಆಬ್ಜೆಕ್ಟ್ ಪದ್ಧತಿಯಲ್ಲಿ ಒಬ್ಬ ಸೈನಿಕ ಎಂದರೆ ಒಂದು ಆಬ್ಜೆಕ್ಟ್. ಅವನು ನಿಂತ ಜಾಗ, ವೇಗ, ಉಳಿದ ಪ್ರಾಣ, ಹೆಸರು, ಆಯುಧ, ಧ್ವಜದ ಬಣ್ಣ, ಯಾವ ಚಿತ್ರ ಬಳಸಬೇಕೆಂಬುದು ಎಲ್ಲವೂ ಒಂದೇ ಗಂಟಿನಲ್ಲಿ ಇರುತ್ತವೆ. ಇದು 240 ಬೈಟ್ ಎಂದು ಇಟ್ಟುಕೊಳ್ಳೋಣ. ಇಂಥ ಹತ್ತು ಸಾವಿರ ಗಂಟುಗಳು ಮೆಮೊರಿಯಲ್ಲಿ ಎಲ್ಲೆಂದರಲ್ಲಿ ಚದುರಿರುತ್ತವೆ, ಏಕೆಂದರೆ ಒಬ್ಬೊಬ್ಬನೂ ಹುಟ್ಟಿದಾಗ ಎಲ್ಲಿ ಖಾಲಿ ಜಾಗ ಸಿಕ್ಕಿತೋ ಅಲ್ಲಿ ಕೂತಿದ್ದಾನೆ. ಹೆಜ್ಜೆ ಇಡಿಸಲು ನಮಗೆ ಬೇಕಾದದ್ದು ಜಾಗ ಮತ್ತು ವೇಗ, ಒಟ್ಟು 16 ಬೈಟ್. ಅದಕ್ಕಾಗಿ ಆಬ್ಜೆಕ್ಟ್ ಎಲ್ಲಿದೆ ಎಂದು ನೋಡಬೇಕು, ಅಲ್ಲಿಂದ ಅದರ ಜಾತಿಗೆ ಸೇರಿದ ಕೋಡ್ ಎಲ್ಲಿದೆ ಎಂದು ಹುಡುಕಬೇಕು, ಅಲ್ಲಿಂದ ಜಾಗದ ವಿವರಕ್ಕೆ ಹೋಗಬೇಕು. ತಲೆಗೆ ಮೂರು ಸಲ ದೂರದ ಮೆಮೊರಿಗೆ ಹೋಗಿಬಂದರೂ ಹತ್ತು ಸಾವಿರ ಮಂದಿಗೆ 3 ಮಿಲಿಸೆಕೆಂಡು ಬರೀ ಕಾಯುವುದಕ್ಕೇ ಆಯಿತು. ಪ್ರೊಸೆಸರ್ ಜಾಣತನದಿಂದ ಕೆಲವನ್ನು ಒಟ್ಟೊಟ್ಟಿಗೆ ತರಿಸಿಕೊಂಡು ಇದನ್ನು ಕಡಿಮೆ ಮಾಡುತ್ತದೆ, ನಿಜ. ಎಲ್ಲ ಸೇರಿ 2.4 ಮೆಗಾಬೈಟ್ ಮಾತ್ರವಾದ್ದರಿಂದ ಮೂರನೆಯ ಹಂತದ ಕ್ಯಾಶಿನಲ್ಲೇ ಉಳಿದೀತು ಎಂದೂ ವಾದಿಸಬಹುದು. ಆದರೆ ಅದೇ ಫ್ರೇಮಿನಲ್ಲಿ ನಕಾಶೆ, ಚಿತ್ರ, ಸದ್ದುಗಳೂ ಆ ಜಾಗಕ್ಕೆ ಪೈಪೋಟಿ ನಡೆಸಿ ಸೈನಿಕರನ್ನು ಹೊರದಬ್ಬುತ್ತವೆ. ಮುಂದಿನ ಫ್ರೇಮಿನಲ್ಲಿ ಮತ್ತೆ ಮೊದಲಿನಿಂದ ತರಬೇಕು.

ಮದುವೆ ಊಟದ ಪಂಕ್ತಿಯಲ್ಲಿ ಬಡಿಸುವವರನ್ನು ನೋಡಿ. ಒಬ್ಬರ ಎಲೆಗೆ ಉಪ್ಪಿನಿಂದ ಪಾಯಸದವರೆಗೆ ಎಲ್ಲ ಬಡಿಸಿ ಮುಗಿಸಿ ಆಮೇಲೆ ಪಕ್ಕದ ಎಲೆಗೆ ಯಾರೂ ಹೋಗುವುದಿಲ್ಲ. ಹಾಗೆ ಮಾಡಿದರೆ ಒಂದೊಂದು ಎಲೆಗೂ ಇಪ್ಪತ್ತು ಸಲ ಅಡುಗೆಮನೆಗೆ ಓಡಬೇಕು. ಕೋಸಂಬರಿ ಹಿಡಿದವರು ಸಾಲಿನ ಈ ತುದಿಯಿಂದ ಆ ತುದಿಗೆ ಕೋಸಂಬರಿ ಬಡಿಸುತ್ತ ಹೋಗುತ್ತಾರೆ, ಹಿಂದೆಯೇ ಸಾರಿನ ಬಕೆಟ್ ಬರುತ್ತದೆ. ದತ್ತಾಂಶವನ್ನು ಮುಂದಿಟ್ಟುಕೊಂಡು ಯೋಚಿಸುವ ಪದ್ಧತಿ ಸೈನಿಕರನ್ನು ಹೀಗೆಯೇ ನಡೆಸಿಕೊಳ್ಳುತ್ತದೆ. ಒಬ್ಬ ಸೈನಿಕನ ಎಲ್ಲ ಗುಣಗಳನ್ನು ಒಟ್ಟಿಗೆ ಕಟ್ಟಿಡುವ ಬದಲು ಎಲ್ಲ ಸೈನಿಕರ ಒಂದೊಂದು ಗುಣವನ್ನು ಒಂದೊಂದು ಸಾಲಿನಲ್ಲಿ ಜೋಡಿಸಿಡುತ್ತದೆ.

```cpp
for (int i = 0; i < n; i++) {
    x[i] += vx[i] * dt;
    y[i] += vy[i] * dt;
}
```

ಇಲ್ಲಿ `x` ಎಂಬುದು ಎಲ್ಲ ಸೈನಿಕರ ಅಡ್ಡ ಸ್ಥಾನಗಳ ಸಾಲು, `vx` ಅವರ ವೇಗಗಳ ಸಾಲು, `dt` ಕಳೆದ ಫ್ರೇಮಿನಿಂದ ಆದ ಸಮಯ. ಹತ್ತು ಸಾವಿರ ಮಂದಿಗೆ ನಾಲ್ಕೂ ಸಾಲು ಸೇರಿ 160 ಕಿಲೋಬೈಟ್, ಅಂದರೆ 2,500 ಕ್ಯಾಶ್ ಲೈನ್. ತಂದ ಒಂದು ಬೈಟೂ ವ್ಯರ್ಥವಿಲ್ಲ. ಸಾಲಿನ ಗುಂಟ ಸಾಗುತ್ತಿದ್ದೇವೆ ಎಂದು ಪ್ರೊಸೆಸರಿಗೆ ಬೇಗ ತಿಳಿಯುವುದರಿಂದ ಮುಂದಿನದನ್ನು ಕೇಳುವ ಮೊದಲೇ ತರಿಸಿಟ್ಟುಕೊಂಡಿರುತ್ತದೆ. ಜೊತೆಗೆ ಅಕ್ಕಪಕ್ಕದ ಎಂಟು ಸಂಖ್ಯೆಗಳನ್ನು ಒಂದೇ ಸೂಚನೆಯಲ್ಲಿ ಗುಣಿಸುವ ಸೌಲಭ್ಯ ಇಂದಿನ ಅನೇಕ ಪ್ರೊಸೆಸರುಗಳಲ್ಲಿದೆ. ಹೀಗೆ ಜೋಡಿಸಿಟ್ಟರೆ ಕಂಪೈಲರ್ ಅದನ್ನು ತಾನಾಗಿಯೇ ಬಳಸಿಕೊಳ್ಳುತ್ತದೆ. ಮಿಲಿಸೆಕೆಂಡುಗಳಲ್ಲಿ ಎಣಿಸುತ್ತಿದ್ದ ಕೆಲಸ ಒಂದು ಮಿಲಿಸೆಕೆಂಡಿನ ನೂರನೆಯ ಒಂದೆರಡು ಭಾಗಕ್ಕೆ ಇಳಿಯುತ್ತದೆ.

ಈ ಜೋಡಣೆಗೆ ಒಂದು ಕಟ್ಟುಪಾಡು ಬೇಕಾಗುತ್ತದೆ. ಅದೇ ಎಂಟಿಟಿ ಕಾಂಪೊನೆಂಟ್ ಸಿಸ್ಟಮ್, ಚಿಕ್ಕದಾಗಿ ಇಸಿಎಸ್. ಎಂಟಿಟಿ ಎಂದರೆ ಬರೀ ಒಂದು ಗುರುತಿನ ಸಂಖ್ಯೆ. ಅದರೊಳಗೆ ಏನೂ ಇಲ್ಲ. ಕಾಂಪೊನೆಂಟ್ ಎಂದರೆ ಆ ಸಂಖ್ಯೆಗೆ ಅಂಟಿಸಿದ ಒಂದು ಗುಣ: ಸ್ಥಾನ, ವೇಗ, ಪ್ರಾಣ. ಅದರಲ್ಲಿ ದತ್ತಾಂಶ ಮಾತ್ರ ಇರುತ್ತದೆ, ಕೆಲಸ ಇರುವುದಿಲ್ಲ. ಕೆಲಸವೆಲ್ಲ ಸಿಸ್ಟಮ್‌ನದು. "ಸ್ಥಾನ ಮತ್ತು ವೇಗ ಎರಡೂ ಇರುವವರನ್ನೆಲ್ಲ ಕೊಡಿ" ಎಂದು ಕೇಳಿ ಅವರನ್ನು ಒಟ್ಟಿಗೆ ನಡೆಸುವುದು ಒಂದು ಸಿಸ್ಟಮ್; "ಪ್ರಾಣ ಇರುವವರನ್ನು ಕೊಡಿ" ಎಂದು ಕೇಳಿ ಸತ್ತವರನ್ನು ತೆಗೆಯುವುದು ಇನ್ನೊಂದು.

ಈ ವಿಚಾರ ಹುಟ್ಟಿದ್ದು ವೇಗಕ್ಕಾಗಿ ಅಲ್ಲ. 2002ರಲ್ಲಿ ಬಂದ ಡಂಜನ್ ಸೀಜ್ ಎಂಬ ಆಟವನ್ನು ಕಟ್ಟಿದವರಲ್ಲಿ ಒಬ್ಬರಾದ ಸ್ಕಾಟ್ ಬಿಲಾಸ್ ಅದೇ ವರ್ಷದ ಗೇಮ್ ಡೆವಲಪರ್ಸ್ ಕಾನ್ಫರೆನ್ಸಿನಲ್ಲಿ ತಮ್ಮ ಕಾಂಪೊನೆಂಟ್ ಪದ್ಧತಿಯನ್ನು ವಿವರಿಸಿದರು. ಅವರನ್ನು ಕಾಡಿದ್ದು ವಂಶವೃಕ್ಷದ ತೊಡಕು. ಮಾತಾಡುವ ಮರ, ಹಾರುವ ಬಿಲ್ಲುಗಾರ ಇಂಥವು ಬೇಕೆಂದು ವಿನ್ಯಾಸಕಾರರು ಕೇಳಿದಾಗಲೆಲ್ಲ ಅದನ್ನು ಯಾವ ಕೊಂಬೆಗೆ ಸೇರಿಸಬೇಕೆಂಬ ಪ್ರಶ್ನೆ ಏಳುತ್ತದೆ. ಗುಣಗಳನ್ನು ಬಿಡಿಬಿಡಿಯಾಗಿ ಅಂಟಿಸುವಂತಿದ್ದರೆ ಆ ಪ್ರಶ್ನೆಯೇ ಇಲ್ಲ. ವೇಗದ ವಾದ ಬೇರೆ ಕಡೆಯಿಂದ ಬಂತು. ಇನ್ಸೋಮ್ನಿಯಾಕ್ ಗೇಮ್ಸ್‌ನ ಮೈಕ್ ಆಕ್ಟನ್ 2014ರ ಸಿಪಿಪಿಕಾನ್ ಸಮ್ಮೇಳನದಲ್ಲಿ, ಪ್ರೋಗ್ರಾಮಿನ ಕೆಲಸವೇ ದತ್ತಾಂಶವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವುದು, ಹಾಗಾಗಿ ದತ್ತಾಂಶ ಹೇಗಿದೆ ಎಂದು ತಿಳಿಯದೆ ಕೋಡ್ ಬರೆಯಬಾರದು ಎಂದು ವಾದಿಸಿದರು. ಆ ಭಾಷಣ ಇಂದಿಗೂ ವೃತ್ತಿಯೊಳಗೆ ಚರ್ಚೆಯಾಗುತ್ತದೆ. ಎರಡೂ ಧಾರೆಗಳು ಕೂಡಿದ ಜಾಗದಲ್ಲಿ ಇವತ್ತಿನ ಇಸಿಎಸ್‌ಗಳು ನಿಂತಿವೆ: ಯೂನಿಟಿಯ ಎಂಟಿಟೀಸ್, ಅನ್‌ರಿಯಲ್‌ನ ಮಾಸ್, ರಸ್ಟ್ ಭಾಷೆಯ ಬೆವಿ, ಸಿ ಭಾಷೆಯಲ್ಲಿ ಬರೆದ ಫ್ಲೆಕ್ಸ್, ಮೈನ್‌ಕ್ರಾಫ್ಟ್ ಬಳಸುವ ಎನ್‌ಟಿಟಿ.

ಯೂನಿಟಿಯದನ್ನೇ ತೆಗೆದುಕೊಂಡು ಒಳಗೆ ಇಣುಕೋಣ. ಒಂದೇ ಬಗೆಯ ಕಾಂಪೊನೆಂಟುಗಳಿರುವ ಎಂಟಿಟಿಗಳೆಲ್ಲ ಒಂದು ಆರ್ಕಿಟೈಪಿಗೆ, ಅಂದರೆ ಒಂದು ವರ್ಗಕ್ಕೆ ಸೇರುತ್ತವೆ. ಕಾಲಾಳುಗಳು ಒಂದು ವರ್ಗ, ಬಾಣವೂ ಇರುವವರು ಇನ್ನೊಂದು. ಒಂದೊಂದು ವರ್ಗದ ದತ್ತಾಂಶ 16 ಕಿಲೋಬೈಟಿನ ತುಂಡುಗಳಲ್ಲಿ ಇರುತ್ತದೆ, ಒಂದು ತುಂಡಿನಲ್ಲಿ ಹೆಚ್ಚೆಂದರೆ 128 ಎಂಟಿಟಿ. ತುಂಡಿನ ಒಳಗೆ ಸ್ಥಾನಗಳ ಸಾಲು, ವೇಗಗಳ ಸಾಲು, ಪ್ರಾಣಗಳ ಸಾಲು ಒಂದರ ಕೆಳಗೊಂದು. ನಮ್ಮ ಹತ್ತು ಸಾವಿರ ಸೈನಿಕರು ಒಂದೇ ವರ್ಗದವರಾದರೆ 79 ತುಂಡುಗಳಲ್ಲಿ ಕೂರುತ್ತಾರೆ. ಈ ತುಂಡುಗಳನ್ನು ಪ್ರೊಸೆಸರಿನ ಎಂಟು ಕೋರ್‌ಗಳಿಗೆ ಹಂಚುವುದೂ ಸುಲಭ, ತಲಾ ಹತ್ತರಂತೆ.

ಇಷ್ಟು ಹೊತ್ತು ಯಾರೂ ಸತ್ತಿರಲಿಲ್ಲ. ಸಾಯಲು ಶುರುವಾದಾಗ ಈ ಅಚ್ಚುಕಟ್ಟು ಪರೀಕ್ಷೆಗೆ ಒಳಗಾಗುತ್ತದೆ, ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಭಾಗವೂ ಇದೇ. ಸಾಲಿನ ನಡುವಿನಿಂದ ಒಬ್ಬ ಹೋದರೆ ತೂತು ಉಳಿಯುತ್ತದೆ. ಅದನ್ನು ಮುಚ್ಚಲು ಎಲ್ಲರನ್ನೂ ಒಂದೊಂದು ಜಾಗ ಹಿಂದಕ್ಕೆ ಸರಿಸುವುದು ದುಬಾರಿ. ಹಾಗಾಗಿ ಕೊನೆಯಲ್ಲಿದ್ದವನನ್ನು ಎತ್ತಿ ಆ ತೂತಿನಲ್ಲಿ ಕೂರಿಸಿಬಿಡುತ್ತಾರೆ. ಒಬ್ಬನ ವಿವರ ನಕಲಾದರೆ ಮುಗಿಯಿತು, ಸಾಲು ಮತ್ತೆ ಬಿಗಿ. ಆದರೆ ಈಗ ಆ ಕೊನೆಯವನ ವಿಳಾಸ ಬದಲಾಯಿತು. ಅದಕ್ಕಾಗಿ ಯಾರೂ ಯಾರ ವಿಳಾಸವನ್ನೂ ನೇರವಾಗಿ ಇಟ್ಟುಕೊಳ್ಳಬಾರದು. ಗುರುತಿನ ಸಂಖ್ಯೆ ಮಾತ್ರ ಇಟ್ಟುಕೊಳ್ಳಬೇಕು. ಯಾವ ಸಂಖ್ಯೆಯವನು ಈಗ ಎಲ್ಲಿದ್ದಾನೆ ಎಂಬ ಒಂದು ಪಟ್ಟಿ ಇರುತ್ತದೆ, ಜಾಗ ಬದಲಾದಾಗಲೆಲ್ಲ ಅದನ್ನು ತಿದ್ದುತ್ತಾರೆ.

ಇಷ್ಟಾದರೂ ಒಂದು ಅಪಾಯ ಉಳಿಯುತ್ತದೆ. ಬಿಲ್ಲುಗಾರನೊಬ್ಬ 4217ನೆಯವನಿಗೆ ಗುರಿ ಇಟ್ಟು ಬಾಣ ಬಿಟ್ಟಿದ್ದಾನೆ. ಬಾಣ ಗಾಳಿಯಲ್ಲಿರುವಾಗಲೇ 4217 ಬೇರೆ ಯಾರದೋ ಏಟಿಗೆ ಸತ್ತ. ಖಾಲಿಯಾದ ಆ ಸಂಖ್ಯೆಯನ್ನು ಆಗ ತಾನೇ ಬಂದ ಹೊಸ ಸೈನಿಕನಿಗೆ ಕೊಡಲಾಯಿತು, ಅವನು ಬಿಲ್ಲುಗಾರನ ಪಕ್ಷದವನೇ. ಬಾಣ ಈಗ ಬಯಲಿನ ಇನ್ನೊಂದು ತುದಿಗೆ ತಿರುಗಿ ಸ್ವಂತ ಕಡೆಯವನನ್ನೇ ಕೊಲ್ಲುತ್ತದೆ. ಇಂಥ ದೋಷ ಹತ್ತು ಸಲ ಆಡಿದರೆ ಒಮ್ಮೆ ಕಾಣಿಸಿಕೊಳ್ಳುತ್ತದೆ, ಹುಡುಕಲು ಹೊರಟರೆ ಸಿಗುವುದಿಲ್ಲ. ಪರಿಹಾರ ಸರಳ: ಗುರುತಿನ ಸಂಖ್ಯೆಯ ಜೊತೆಗೆ ಒಂದು ತಲೆಮಾರಿನ ಸಂಖ್ಯೆ. ಸತ್ತವನು 4217, ಮೂರನೆಯ ತಲೆಮಾರು. ಹೊಸಬ 4217, ನಾಲ್ಕನೆಯ ತಲೆಮಾರು. ಬಾಣದ ಬಳಿ ಇರುವುದು ಮೂರನೆಯದು. ಎರಡೂ ತಾಳೆಯಾಗದಿದ್ದರೆ ಗುರಿ ಇಲ್ಲವಾಗಿದೆ ಎಂದರ್ಥ, ಬಾಣ ನೆಲಕ್ಕೆ ಬೀಳುತ್ತದೆ.

ಹೊಸಬರು ಎಡವುವ ಮತ್ತೊಂದು ಜಾಗ ವರ್ಗ ಬದಲಾವಣೆ. ವಿಷ ತಾಗಿದ ಸೈನಿಕನಿಗೆ 'ವಿಷ' ಎಂಬ ಕಾಂಪೊನೆಂಟ್ ಅಂಟಿಸುವುದು ಸಹಜವೆನಿಸುತ್ತದೆ. ಆದರೆ ಅಂಟಿಸಿದ ಕ್ಷಣ ಅವನ ವರ್ಗವೇ ಬದಲಾಗುತ್ತದೆ. ಅವನ ಎಲ್ಲ ಗುಣಗಳನ್ನೂ ಹಳೆಯ ತುಂಡಿನಿಂದ ಹೊಸ ವರ್ಗದ ತುಂಡಿಗೆ ನಕಲು ಮಾಡಬೇಕು, ಹಳೆಯ ತೂತು ಮುಚ್ಚಬೇಕು, ಪಟ್ಟಿ ತಿದ್ದಬೇಕು. ಬೇರೆ ಕೋರ್‌ಗಳು ಆ ತುಂಡನ್ನು ಓದುತ್ತಿರುವಾಗ ಇದನ್ನು ಮಾಡುವಂತಿಲ್ಲ. ಹಾಗಾಗಿ ಮಾಡಬೇಕಾದ ಬದಲಾವಣೆಗಳನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟು, ಎಲ್ಲರ ಕೆಲಸ ನಿಂತ ಮೇಲೆ ಒಟ್ಟಿಗೆ ಜಾರಿ ಮಾಡುತ್ತಾರೆ. ಯುದ್ಧದಲ್ಲಿ ಅಪರೂಪಕ್ಕೊಮ್ಮೆ ಆದರೆ ತೊಂದರೆಯಿಲ್ಲ. ವಿಷದ ಮೋಡವೊಂದು ಪ್ರತಿ ಫ್ರೇಮಿನಲ್ಲೂ ಎರಡು ಸಾವಿರ ಮಂದಿಗೆ ಅಂಟಿಸಿ ಕೀಳುತ್ತಿದ್ದರೆ, ನಡಿಗೆಯಲ್ಲಿ ಉಳಿಸಿದ್ದೆಲ್ಲ ಇಲ್ಲಿ ಸೋರಿ ಹೋಗುತ್ತದೆ. ಆಗ ವಿಷದ ಜಾಗವನ್ನು ಎಲ್ಲರಿಗೂ ಮೊದಲೇ ಕೊಟ್ಟು, ಇದೆಯೋ ಇಲ್ಲವೋ ಎಂಬುದಕ್ಕೆ ತಲೆಗೆ ಒಂದು ಬಿಟ್ ಇಡುವುದು ಮೇಲು. ತುಂಡಿಗೆ 128 ಮಂದಿ ಎಂದ ಮೇಲೆ 128 ಬಿಟ್ ಸಾಕು, ಏಟು ಎಷ್ಟೇ ಬದಲಾದರೂ ಯಾರೂ ಜಾಗ ಬಿಟ್ಟು ಕದಲುವುದಿಲ್ಲ.

ದತ್ತಾಂಶವನ್ನು ಎಷ್ಟೇ ಚೆನ್ನಾಗಿ ಜೋಡಿಸಿದರೂ ಬಗೆಹರಿಯದ ಒಂದು ಸಮಸ್ಯೆ ಇದೆ: ಪಕ್ಕದಲ್ಲಿ ಯಾರಿದ್ದಾರೆ ಎಂಬುದು. ಪ್ರತಿಯೊಬ್ಬನೂ ಉಳಿದೆಲ್ಲರ ದೂರವನ್ನು ಅಳೆದು ನೋಡಿದರೆ ಹತ್ತು ಸಾವಿರ ಗುಣಿಸು ಹತ್ತು ಸಾವಿರ, ಹತ್ತು ಕೋಟಿ ಅಳತೆಗಳು. ಒಂದೊಂದಕ್ಕೆ ಒಂದೇ ನ್ಯಾನೋಸೆಕೆಂಡು ಹಿಡಿದರೂ 100 ಮಿಲಿಸೆಕೆಂಡು, ಆರು ಫ್ರೇಮಿನ ಸಮಯ. ಇಸಿಎಸ್ ಎಂಬ ಹೆಸರು ಕೇಳಿ ಬಂದವರು ಇಲ್ಲಿ ನಿರಾಶರಾಗುವುದುಂಟು. ತಪ್ಪು ವಿಧಾನವನ್ನು ಅದು ಸ್ವಲ್ಪ ಬೇಗ ಓಡಿಸಬಲ್ಲದು, ಸರಿಪಡಿಸಲಾರದು.

ಬೇಕಾದದ್ದು ಚೌಕಳಿ. ಬಯಲು 500 ಮೀಟರ್ ಉದ್ದ, ಅಷ್ಟೇ ಅಗಲ. ಸೈನಿಕನಿಗೆ ಐದು ಮೀಟರ್ ಒಳಗಿನವರು ಮಾತ್ರ ಮುಖ್ಯ ಎಂದಿಟ್ಟುಕೊಳ್ಳಿ. ಬಯಲನ್ನು ಐದೈದು ಮೀಟರಿನ ಮನೆಗಳಾಗಿ ವಿಂಗಡಿಸಿದರೆ ಒಟ್ಟು ಹತ್ತು ಸಾವಿರ ಮನೆ. ಸೈನಿಕ ತನ್ನ ಮನೆಯನ್ನೂ ಸುತ್ತಲಿನ ಎಂಟನ್ನೂ ನೋಡಿದರೆ ಸಾಕು. ಸರಾಸರಿ ಮನೆಗೊಬ್ಬ ಎಂದು ಲೆಕ್ಕ ಹೇಳುತ್ತದೆ, ಆದರೆ ಯುದ್ಧದಲ್ಲಿ ಯಾರೂ ಸರಾಸರಿಯಾಗಿ ಹರಡಿಕೊಂಡಿರುವುದಿಲ್ಲ. ಮುಂಚೂಣಿಯಲ್ಲಿ ಮನೆಗೆ ಹತ್ತು ಮಂದಿ ಒತ್ತಿದ್ದಾರೆ ಎಂದುಕೊಂಡು ಎಲ್ಲರಿಗೂ ಅದೇ ಲೆಕ್ಕ ಹಾಕಿದರೂ ತಲೆಗೆ 90 ಅಳತೆ, ಒಟ್ಟು ಒಂಬತ್ತು ಲಕ್ಷ. ಹತ್ತು ಕೋಟಿಗೆ ಹೋಲಿಸಿದರೆ ನೂರರಲ್ಲಿ ಒಂದು ಪಾಲೂ ಅಲ್ಲ.

ಇಲ್ಲೂ ಜೋಡಣೆಯ ಪಾಠ ಮತ್ತೆ ಕೆಲಸಕ್ಕೆ ಬರುತ್ತದೆ. ಮನೆಗೊಂದರಂತೆ ಹತ್ತು ಸಾವಿರ ಪಟ್ಟಿ ಮಾಡಿ ಅದರಲ್ಲಿ ಹೆಸರು ಬರೆಯುತ್ತ ಹೋದರೆ ಮತ್ತೆ ಚದುರಿದ ಮೆಮೊರಿಯೇ ಗತಿ. ಅದರ ಬದಲು ಮೊದಲ ಸುತ್ತಿನಲ್ಲಿ ಯಾವ ಮನೆಯಲ್ಲಿ ಎಷ್ಟು ಮಂದಿ ಎಂದು ಎಣಿಸುತ್ತಾರೆ. ಆ ಎಣಿಕೆಯನ್ನು ಕೂಡುತ್ತ ಹೋದರೆ ಒಂದೊಂದು ಮನೆಯವರು ಉದ್ದನೆಯ ಒಂದೇ ಸಾಲಿನಲ್ಲಿ ಎಲ್ಲಿಂದ ಶುರುವಾಗಬೇಕೆಂದು ಗೊತ್ತಾಗುತ್ತದೆ. ಎರಡನೆಯ ಸುತ್ತಿನಲ್ಲಿ ಪ್ರತಿಯೊಬ್ಬನ ಸ್ಥಾನವನ್ನು ಆ ಜಾಗಕ್ಕೆ ನಕಲಿಸುತ್ತಾರೆ. ಈಗ ಬಯಲಿನಲ್ಲಿ ಒತ್ತಟ್ಟಿಗಿರುವವರು ಮೆಮೊರಿಯಲ್ಲೂ ಒತ್ತಟ್ಟಿಗಿದ್ದಾರೆ, ಒಬ್ಬನನ್ನು ತಂದರೆ ಅವನ ನೆರೆಯವರೂ ಅದೇ ಕ್ಯಾಶ್ ಲೈನಿನಲ್ಲಿ ಬಂದಿರುತ್ತಾರೆ. ಇದನ್ನು ಪ್ರತಿ ಫ್ರೇಮಿನಲ್ಲೂ ಹೊಸದಾಗಿ ಕಟ್ಟಿದರೂ ನೆರೆಯವರನ್ನು ಹುಡುಕುವುದು ಸೇರಿ ಒಂದೆರಡು ಮಿಲಿಸೆಕೆಂಡಿನ ಒಳಗೆ ಮುಗಿಯಬಹುದು. ಎಲ್ಲರೂ ಒಂದು ಸೇತುವೆಯ ಬಾಯಿಗೆ ನುಗ್ಗಿ ನಾಲ್ಕೇ ಮನೆಗಳಲ್ಲಿ ತುಂಬಿಕೊಂಡರೆ ಮಾತ್ರ ಚೌಕಳಿ ಸೋಲುತ್ತದೆ. ಅದಕ್ಕೆ ನೋಡುವ ನೆರೆಯವರ ಸಂಖ್ಯೆಗೆ ಮಿತಿ ಹಾಕುತ್ತಾರೆ, ಮೊದಲು ಸಿಕ್ಕ ಹದಿನಾರು ಮಂದಿ ಸಾಕೆಂದು.

ಎದುರಾಳಿಯನ್ನು ಆರಿಸುವುದನ್ನು ಪ್ರತಿ ಫ್ರೇಮಿನಲ್ಲೂ ಎಲ್ಲರೂ ಮಾಡಬೇಕಾಗಿಲ್ಲ. ಹತ್ತು ಗುಂಪು ಮಾಡಿ ಫ್ರೇಮಿಗೊಂದು ಗುಂಪು ಯೋಚಿಸಿದರೆ ಒಬ್ಬೊಬ್ಬನ ಸರದಿ ಸೆಕೆಂಡಿನ ಆರನೆಯ ಒಂದು ಭಾಗಕ್ಕೊಮ್ಮೆ ಬರುತ್ತದೆ. ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಹೊಡೆತ ಮಾತ್ರ ನಾಜೂಕಿನ ವಿಷಯ. ಬೇರೆ ಬೇರೆ ಕೋರ್‌ಗಳಲ್ಲಿರುವ ಇಬ್ಬರು ಸೈನಿಕರು ಒಬ್ಬನಿಗೇ ಏಟು ಕೊಡುತ್ತಾರೆ. ಇಬ್ಬರೂ ಅವನ ಪ್ರಾಣ 50 ಎಂದು ಓದಿ, ತಲಾ ಹತ್ತು ಕಳೆದು, 40 ಎಂದು ಬರೆದರೆ ಒಂದು ಏಟು ಮಾಯವಾಯಿತು. ಇದನ್ನು ತಪ್ಪಿಸಲು ಸಿಸ್ಟಮ್ ತಾನು ಏನನ್ನು ಓದುತ್ತೇನೆ, ಏನನ್ನು ಬರೆಯುತ್ತೇನೆ ಎಂದು ಮೊದಲೇ ಘೋಷಿಸಬೇಕೆಂಬ ನಿಯಮವಿದೆ. ಒಂದೇ ಕಾಂಪೊನೆಂಟಿಗೆ ಬರೆಯುವ ಎರಡು ಸಿಸ್ಟಮ್‌ಗಳನ್ನು ಯಂತ್ರ ಒಟ್ಟಿಗೆ ಓಡಿಸುವುದಿಲ್ಲ. ಹೊಡೆಯುವ ಸಿಸ್ಟಮ್ ಯಾರ ಪ್ರಾಣವನ್ನೂ ಮುಟ್ಟದೆ "ಇಂಥವನಿಗೆ ಇಷ್ಟು ಏಟು" ಎಂಬ ಚೀಟಿಗಳನ್ನು ಒಟ್ಟು ಮಾಡುತ್ತದೆ. ಆಮೇಲೆ ಬರುವ ಸಿಸ್ಟಮ್ ಚೀಟಿಗಳನ್ನು ಗುರಿಯ ಸಂಖ್ಯೆಯ ಪ್ರಕಾರ ವಿಂಗಡಿಸಿ ಒಂದೊಂದಾಗಿ ಕಳೆಯುತ್ತದೆ.

ವಿಂಗಡಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. 1997ರ ಏಜ್ ಆಫ್ ಎಂಪೈರ್ಸ್ ಆಟದಲ್ಲಿ ನೂರಾರು ಸೈನಿಕರ ಸ್ಥಾನಗಳನ್ನು 28.8 ಕಿಲೋಬಿಟ್ ಮೋಡೆಮ್ ಮೂಲಕ ಕಳಿಸುವುದು ಸಾಧ್ಯವಿರಲಿಲ್ಲ. ಆಟಗಾರರ ಆಜ್ಞೆಗಳನ್ನು ಮಾತ್ರ ಕಳಿಸಿ, ಯುದ್ಧವನ್ನು ಪ್ರತಿ ಕಂಪ್ಯೂಟರೂ ತಾನೇ ಲೆಕ್ಕ ಹಾಕಿಕೊಳ್ಳುವಂತೆ ಮಾಡಿದ್ದರು. ತಂತ್ರ ಕೆಲಸ ಮಾಡಬೇಕಾದರೆ ಎಲ್ಲ ಯಂತ್ರಗಳಲ್ಲೂ ಲೆಕ್ಕ ಅಕ್ಷರಶಃ ಒಂದೇ ಆಗಬೇಕು. ದಶಮಾಂಶ ಸಂಖ್ಯೆಗಳನ್ನು ಕೂಡುವ ಕ್ರಮ ಬದಲಾದರೆ ಕಂಪ್ಯೂಟರಿನಲ್ಲಿ ಉತ್ತರದ ಕೊನೆಯ ಅಂಕಿ ಬದಲಾಗುತ್ತದೆ. ಯಾವ ಕೋರ್ ಮೊದಲು ಮುಗಿಸಿತು ಎಂಬುದರ ಮೇಲೆ ಕ್ರಮ ನಿಂತರೆ ಒಬ್ಬರ ಪರದೆಯಲ್ಲಿ ಗೆದ್ದ ದಂಡು ಇನ್ನೊಬ್ಬರ ಪರದೆಯಲ್ಲಿ ಸೋತಿರುತ್ತದೆ. ಇಂಥ ಜಾಲ ಆಟಗಳಲ್ಲಿ ಏಟನ್ನು ಪೂರ್ಣಾಂಕದಲ್ಲಿ ಇಡುವುದೂ, ಚೀಟಿಗಳನ್ನು ಗೊತ್ತಾದ ಕ್ರಮದಲ್ಲಿ ಜಾರಿ ಮಾಡುವುದೂ ಅದಕ್ಕಾಗಿಯೇ.

ಇಷ್ಟೆಲ್ಲ ಕಟ್ಟುವ ಮೊದಲು ಅಳೆದು ನೋಡಬೇಕೆಂಬುದು ನನ್ನ ದೃಢ ಅಭಿಪ್ರಾಯ. ಊರಲ್ಲಿ ಮೂವತ್ತು ಪಾತ್ರಗಳು ಓಡಾಡುವ ಕಥೆಯ ಆಟಕ್ಕೆ, ಮೆನುಗಳಿಗೆ, ಸಂಭಾಷಣೆಗಳಿಗೆ ಈ ಜೋಡಣೆ ವೇಗದಲ್ಲಿ ಏನನ್ನೂ ಕೊಡುವುದಿಲ್ಲ, ಬರೆಯುವವರಿಗೆ ಸುತ್ತುದಾರಿಯಾಗುತ್ತದೆ. ಲಿನಕ್ಸ್‌ನಲ್ಲಿ ಅಳೆಯಲು ಒಂದು ಸಾಲು ಸಾಕು:

```
perf stat -e cycles,instructions,cache-misses ./yuddha
```

ಇಲ್ಲಿ `yuddha` ನಮ್ಮ ಪ್ರೋಗ್ರಾಮಿನ ಹೆಸರು. ಸೂಚನೆಗಳ ಸಂಖ್ಯೆಯನ್ನು ಮಿಡಿತಗಳ ಸಂಖ್ಯೆಯಿಂದ ಭಾಗಿಸಿ. ಇಂದಿನ ಪ್ರೊಸೆಸರ್ ಒಂದು ಮಿಡಿತಕ್ಕೆ ನಾಲ್ಕು ಸೂಚನೆ ಮುಗಿಸಬಲ್ಲದು. ಉತ್ತರ ಒಂದಕ್ಕಿಂತ ಕೆಳಗಿದ್ದು ಕ್ಯಾಶ್ ತಪ್ಪುಗಳ ಎಣಿಕೆ ದೊಡ್ಡದಿದ್ದರೆ ಅದು ಕಾಯುತ್ತ ಕೂತಿದೆ, ಜೋಡಣೆ ಬದಲಿಸಬೇಕು. ಉತ್ತರ ಎರಡು ಮೂರರ ಮೇಲಿದ್ದೂ ಆಟ ನಿಧಾನವಾಗಿದ್ದರೆ ಯಂತ್ರ ದುಡಿಯುತ್ತಿದೆ, ಅದಕ್ಕೆ ಕೊಟ್ಟ ಕೆಲಸವೇ ಹೆಚ್ಚಾಗಿದೆ.

ಇನ್ನೂ ಸುಲಭದ ಪರೀಕ್ಷೆ ಎಂದರೆ ಸೈನಿಕರನ್ನು ದುಪ್ಪಟ್ಟು ಮಾಡುತ್ತ ಹೋಗುವುದು: 2,500, 5,000, 10,000, 20,000. ಪ್ರತಿ ಸಲವೂ ಸಮಯ ಎರಡರಷ್ಟಾದರೆ ಎಲ್ಲ ಸರಿಯಿದೆ. ನಾಲ್ಕರಷ್ಟಾದರೆ ಎಲ್ಲೋ ಒಂದು ಕಡೆ ಎಲ್ಲರೂ ಎಲ್ಲರನ್ನೂ ನೋಡುತ್ತಿದ್ದಾರೆ, ಚೌಕಳಿಯನ್ನು ಪರಿಶೀಲಿಸಬೇಕು. ಎರಡರಷ್ಟಾಗುತ್ತಲೇ ಬಂದು ಒಂದು ಹಂತದಲ್ಲಿ ಮಾತ್ರ ಥಟ್ಟನೆ ಜಿಗಿದು, ಅಲ್ಲಿಂದ ಮುಂದೆ ಮತ್ತೆ ಎರಡರಷ್ಟಾದರೆ ದತ್ತಾಂಶ ಕ್ಯಾಶಿನ ಒಂದು ಹಂತದಿಂದ ಹೊರಗೆ ಚೆಲ್ಲಿದೆ. ಆಗ ಕಾಂಪೊನೆಂಟುಗಳ ಗಾತ್ರ ನೋಡಬೇಕು: ನಾಲ್ಕು ಬೈಟಿನ ದಿಕ್ಕಿಗೆ ಎರಡು ಬೈಟ್ ಸಾಕೇ, ನಡಿಗೆಯ ಸಿಸ್ಟಮ್ ಓದದ ಗುಣವೇನಾದರೂ ಅದರ ಸಾಲಿನಲ್ಲಿ ಸೇರಿಕೊಂಡಿದೆಯೇ ಎಂದು.